ಕೆರೆ ದಂಡೆಯ ಕಸ: ಹೆಕ್ಕುವವರಿಗಿಂತ ಮೊದಲು ವಿಂಗಡಿಸುವವರನ್ನು ಗೊತ್ತು ಮಾಡಿ

ಪ್ರಶ್ನೆ: ನಾವು ಸುಮಾರು 40 ಜನ ಸೇರಿ ಒಂದು ಭಾನುವಾರ ಬೆಳಿಗ್ಗೆ ಕೆರೆ ದಂಡೆಯ ಕಸ ತೆಗೆಯಬೇಕು ಅಂತಿದ್ದೇವೆ. ಹಿಂದೊಮ್ಮೆ ಮಾಡಿದಾಗ ಚೀಲಗಟ್ಟಲೆ ಎತ್ತಿದೆವು. ಆದರೆ ಗುಜರಿಯವರು ಒಂದನ್ನೂ ಮುಟ್ಟಲಿಲ್ಲ, ಚೀಲಗಳು ಅಲ್ಲೇ ಉಳಿದು ನಾಯಿಗಳು ಹರಿದು ಹಾಕಿದವು. ಈ ಸಲ ಎಷ್ಟು ಉದ್ದದ ದಂಡೆ ಹಿಡಿಯಬೇಕು? ವಿಂಗಡಣೆ ಯಾವಾಗ, ಹೇಗೆ ಮಾಡಬೇಕು?

ಉತ್ತರ: ಗುಜರಿಯವರು ಕೈಬಿಡುವುದು ಬಾಟಲಿಯನ್ನಲ್ಲ, ಬಾಟಲಿಯ ಜೊತೆ ಚೀಲದಲ್ಲಿರುವ ಕೆಸರು, ನೀರು, ಒಡೆದ ಗಾಜು, ಒದ್ದೆ ಬಟ್ಟೆಗಳನ್ನು. ಅದನ್ನೆಲ್ಲ ಬಿಡಿಸುವ ಕೂಲಿ ಒಳಗಿನ ಮಾಲಿನ ಬೆಲೆಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಶುರು ಮಾಡಿ. ಯಾವ ಮಾಲು ಯಾರ ಕೈ ಸೇರಬೇಕು, ಅವರು ಅದನ್ನು ಯಾವ ಸ್ಥಿತಿಯಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಆ ಸ್ಥಿತಿಗೆ ತರಲು ಎಷ್ಟು ಕೈ ಬೇಕೋ ಅಷ್ಟನ್ನು ತೆಗೆದಿಟ್ಟು, ಉಳಿದವರಿಂದ ಎಷ್ಟು ದಂಡೆ ಆಗುತ್ತದೋ ಅಷ್ಟನ್ನೇ ಹಿಡಿಯಿರಿ. ನಿಮ್ಮ 40 ಜನರಲ್ಲಿ 10 ಜನ ಆ ದಿನ ದಂಡೆಗೆ ಇಳಿಯಲೇಬಾರದು.

ಉದ್ದವನ್ನು ಅಂದಾಜಿನಲ್ಲಿ ಹೇಳಲಾಗದು, ಏಕೆಂದರೆ ಒಂದೇ ಕೆರೆಯಲ್ಲೂ ದಂಡೆಯಿಂದ ದಂಡೆಗೆ ಕಸ ಹತ್ತು ಪಟ್ಟು ಹೆಚ್ಚುಕಡಿಮೆ ಇರಬಹುದು. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ಕಡೆಯ ದಂಡೆಗೆ ತೇಲುವ ಕಸವೆಲ್ಲ ಬಂದು ಸೇರುತ್ತದೆ. ಜನ ಕೂರುವ ಜಾಗದಲ್ಲಿ ಗಾಜು ಮತ್ತು ಕವರು, ಕಾಲುವೆ ಸೇರುವ ಬಾಯಲ್ಲಿ ಬಟ್ಟೆ ಮತ್ತು ಮನೆಕಸ. ಅದಕ್ಕೇ ಒಂದು ವಾರ ಮೊದಲು ಸಣ್ಣ ಪರೀಕ್ಷೆ ಮಾಡಿ. ತೀರಾ ಕೊಳಕೂ ಅಲ್ಲದ, ತೀರಾ ಚೊಕ್ಕಟವೂ ಅಲ್ಲದ ಕಡೆ 10 ಮೀಟರ್ ದಂಡೆಗೆ ಹಗ್ಗ ಕಟ್ಟಿ, ಇಬ್ಬರು ಪೂರ್ತಿ ಹೆಕ್ಕಲಿ. ಹಿಡಿದ ಸಮಯ ಮತ್ತು ತೂಕ ಬರೆದುಕೊಳ್ಳಿ. ಆಮೇಲೆ ಅಷ್ಟನ್ನೂ ಒಬ್ಬರೇ ಕೂತು ವಿಂಗಡಿಸಲಿ, ಅದಕ್ಕೆ ಹಿಡಿದ ಸಮಯವನ್ನೂ ಬರೆದುಕೊಳ್ಳಿ. ಮೂರು ಅಂಕಿ ಸಿಕ್ಕರೆ ಮಿಕ್ಕಿದ್ದೆಲ್ಲ ಗುಣಾಕಾರ.

ಒಂದು ಉದಾಹರಣೆ ನೋಡೋಣ. ಆ 10 ಮೀಟರ್‌ಗೆ ಇಬ್ಬರಿಗೆ 20 ನಿಮಿಷ ಹಿಡಿಯಿತು, ಅಂದರೆ ಒಬ್ಬರ ಲೆಕ್ಕದಲ್ಲಿ 40 ನಿಮಿಷ. ಸಿಕ್ಕಿದ ಕಸ 7 ಕಿಲೋ. ವಿಂಗಡಿಸಲು ಒಬ್ಬರಿಗೆ 28 ನಿಮಿಷ ಹಿಡಿಯಿತು, ಅಂದರೆ ಗಂಟೆಗೆ 15 ಕಿಲೋ. ಈಗ ನಿಮ್ಮ 30 ಜನರನ್ನು ಐದೈದರ ಆರು ತಂಡ ಮಾಡಿ. ಪ್ರತಿ ತಂಡದಲ್ಲಿ ನಾಲ್ವರು ಹೆಕ್ಕುತ್ತಾರೆ, ಐದನೆಯವರು ಮುಂದಾಳು. 24 ಜನ ಒಂದೂವರೆ ಗಂಟೆ ಹೆಕ್ಕಿದರೆ 36 ಗಂಟೆಯ ಕೆಲಸ. ಮಾತು, ನೀರು ಕುಡಿಯುವುದು, ಚೀಲ ಬದಲಾಯಿಸುವುದು ಎಂದು ಆರರಲ್ಲಿ ಒಂದು ಪಾಲು ಕಳೆದರೆ 30 ಗಂಟೆ, ಅಂದರೆ 1,800 ನಿಮಿಷ. ಅದನ್ನು 40ರಿಂದ ಭಾಗಿಸಿದರೆ 45 ತುಂಡು, 450 ಮೀಟರ್. ಒಂದು ತಂಡಕ್ಕೆ 75 ಮೀಟರ್. ಬರುವ ಕಸ ಸುಮಾರು 315 ಕಿಲೋ.

ಈಗ ಆ 315 ಕಿಲೋ ವಿಂಗಡಿಸಲು ಎಷ್ಟು ಹೊತ್ತು ಬೇಕು? ಗಂಟೆಗೆ 15 ಕಿಲೋದಂತೆ 21 ಗಂಟೆ. ಹೆಕ್ಕುವುದಕ್ಕೆ 30 ಗಂಟೆ, ವಿಂಗಡಿಸುವುದಕ್ಕೆ 21 ಗಂಟೆ! ಹೆಚ್ಚಿನ ಗುಂಪುಗಳು ಎಡವುವುದು ಇಲ್ಲೇ. ಎಲ್ಲರೂ ಹೆಕ್ಕಿ ಮುಗಿಸಿದ ಮೇಲೆ ‘ಒಂದರ್ಧ ಗಂಟೆ ವಿಂಗಡಿಸಿಬಿಡೋಣ’ ಎಂದುಕೊಳ್ಳುತ್ತಾರೆ. ಬಿಸಿಲೇರಿ, ಸೊಂಟ ಹಿಡಿದು, ಅರ್ಧ ಜನ ಮನೆಗೆ ಹೋದ ಮೇಲೆ 21 ಗಂಟೆಯ ಕೆಲಸ ಉಳಿದವರ ತಲೆಗೆ ಬರುತ್ತದೆ. ನಿಮ್ಮ ಹತ್ತು ಜನರಲ್ಲಿ ಎಂಟು ಮಂದಿ ಎರಡು ಗಂಟೆ ವಿಂಗಡಿಸಿದರೆ 16 ಗಂಟೆ ಮುಗಿಯುತ್ತದೆ. ಇನ್ನಿಬ್ಬರು ಕೈಗಾಡಿಯಲ್ಲಿ ಚೀಲ ತಂದು ತೂಗುತ್ತಾರೆ. ಉಳಿದ ಐದು ಗಂಟೆಯ ಕೆಲಸಕ್ಕೆ ಹೆಕ್ಕಿ ಬಂದವರಲ್ಲಿ 12 ಜನ ಕೊನೆಯ ಅರ್ಧ ಗಂಟೆ ಕೈಜೋಡಿಸಿದರೆ ಸಾಕು. ಆ 12 ಜನ ಯಾರು ಎಂಬುದನ್ನು ಬೆಳಿಗ್ಗೆಯೇ ಹೆಸರು ಹಿಡಿದು ಗೊತ್ತು ಮಾಡಿಡಿ. ನಿಮ್ಮ ಪರೀಕ್ಷೆಯಲ್ಲಿ ಬೇರೆ ಅಂಕಿ ಬಂದರೆ ಅದನ್ನೇ ಇದೇ ಲೆಕ್ಕದಲ್ಲಿ ಹಾಕಿ. ವಿಂಗಡಿಸುವ ಕೈ ಸಾಲದಿದ್ದರೆ ದಂಡೆಯನ್ನು ಕಡಿಮೆ ಮಾಡಿ. ವಿಂಗಡಣೆಗೇ ಕತ್ತರಿ ಹಾಕಿದರೆ ಹಿಂದಿನ ಸಲದ್ದೇ ಆಗುತ್ತದೆ.

ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ, ಉಳಿಕೆ ಕಸ ಒಯ್ಯುವ ವಾಹನದ ಸಮಯ, ಗುಜರಿಯವರ ಒಪ್ಪಿಗೆ, ಈ ಮೂರೂ ಪರೀಕ್ಷೆಯ ವಾರದಲ್ಲೇ ಆಗಬೇಕು. ಗುಜರಿಯವರಿಗೆ ಪರೀಕ್ಷೆಯಲ್ಲಿ ಸಿಕ್ಕ ಮಾಲನ್ನೇ ತೋರಿಸಿ ಕೇಳಿ. ‘ಪ್ಲಾಸ್ಟಿಕ್ ತಗೋತೀರಾ’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬಿಸಿಲಿಗೆ ಬಿಳುಪೇರಿದ ಈ ಬಾಟಲಿ, ಬಣ್ಣದ ಬಾಟಲಿ, ಒಡೆದ ಗಾಜು, ತುಕ್ಕು ಹಿಡಿದ ಡಬ್ಬ ಎಂದು ಒಂದೊಂದಾಗಿ ಎತ್ತಿ ತೋರಿಸಿದಾಗ ನಿಜವಾದ ಉತ್ತರ ಬರುತ್ತದೆ. ಮುಚ್ಚಳ ಬಾಟಲಿಯಲ್ಲೇ ಇರಲೋ ಬೇರೆ ಮಾಡಬೇಕೋ ಎಂಬುದನ್ನೂ ಕೇಳಿಕೊಳ್ಳಿ. ನೂರಾರು ಮುಚ್ಚಳ ಸುಮ್ಮನೆ ತಿರುಗಿಸುವ ಕೆಲಸ ತಪ್ಪಬಹುದು.

ದಂಡೆಯ ಮೇಲೆ

ದಂಡೆಯಲ್ಲೇ ಆರೇಳು ಬಗೆ ವಿಂಗಡಿಸಿ ಎಂದು ಹೇಳಬೇಡಿ. ಯಾರೂ ಪಾಲಿಸುವುದಿಲ್ಲ, ಅರ್ಧ ತುಂಬಿದ ಚೀಲಗಳು ಮಾತ್ರ ಹೆಚ್ಚಾಗುತ್ತವೆ. ಅಲ್ಲಿ ಮೂರೇ ಭಾಗ ಸಾಕು. ಬಾಟಲಿ, ಡಬ್ಬ, ಗಟ್ಟಿ ಪ್ಲಾಸ್ಟಿಕ್ ಒಂದು ಚೀಲಕ್ಕೆ. ಕವರು, ಬಟ್ಟೆ, ಚಪ್ಪಲಿ, ಮಿಕ್ಕಿದ್ದೆಲ್ಲ ಇನ್ನೊಂದು ಚೀಲಕ್ಕೆ. ಗಾಜು ಮಾತ್ರ ಚೀಲಕ್ಕಲ್ಲ, ಗಟ್ಟಿ ಬಕೆಟ್ಟಿಗೆ. ಗಾಜು ಚೀಲಕ್ಕೆ ಬಿದ್ದರೆ ಹೊರುವವರ ಕಾಲು ಕೊಯ್ಯುತ್ತದೆ, ಆಮೇಲೆ ಚೂರುಗಳು ಕವರುಗಳ ಮಡಿಕೆಯೊಳಗೆ ಸೇರಿ ವಿಂಗಡಿಸುವವರ ಕೈ ಕೊಯ್ಯುತ್ತವೆ. ತೆಳು ಕಪ್ಪು ಕವರುಗಳಿಗಿಂತ ಹೆಣೆದ ಪ್ಲಾಸ್ಟಿಕ್ ಗೋಣಿಚೀಲ ಒಳ್ಳೆಯದು. ಕಡ್ಡಿ ಚುಚ್ಚಿದರೂ ಹರಿಯುವುದಿಲ್ಲ, ನೀರು ಸೋರಿ ಹೋಗುತ್ತದೆ, ಖಾಲಿ ಮಾಡಿ ಮತ್ತೆ ದಂಡೆಗೆ ಕಳಿಸಬಹುದು. ನಮ್ಮ ಉದಾಹರಣೆಗೆ 60 ಚೀಲ, ತಂಡಕ್ಕೆರಡರಂತೆ 12 ಬಕೆಟ್ ಸಾಕಾಗುತ್ತದೆ. ಒಂದು ಚೀಲದ ತೂಕ 8 ಕಿಲೋ ದಾಟದಿರಲಿ.

ನೀರು ತುಂಬಿದ ಬಾಟಲಿಯನ್ನು ಹಾಗೇ ಚೀಲಕ್ಕೆ ಹಾಕುವುದು ಬಹಳ ಸಾಮಾನ್ಯವಾದ ತಪ್ಪು. ಒಂದು ಲೀಟರ್ ಬಾಟಲಿಯಲ್ಲಿ ಪ್ಲಾಸ್ಟಿಕ್ ಕೆಲವೇ ಹತ್ತಾರು ಗ್ರಾಂ, ನೀರು ಒಂದು ಕಿಲೋ. ಕೆರೆ ನೀರೆಂದು ಕಣ್ಣಿಗೆ ಕಂಡರೆ ಅಲ್ಲೇ ಒಣ ನೆಲಕ್ಕೆ ಚೆಲ್ಲಿ, ಒಳಗೆ ಬಸವನಹುಳು ಇಲ್ಲವೇ ಏಡಿ ಇದೆಯೇ ಎಂದು ಒಮ್ಮೆ ನೋಡಿ, ಬಾಟಲಿ ಚಪ್ಪಟೆ ಮಾಡಿ ಹಾಕಬೇಕು. ಬಣ್ಣದ ಅಥವಾ ಎಣ್ಣೆಯಂಥ ದ್ರವ ಇದ್ದರೆ, ಇಲ್ಲವೇ ಬಾಟಲಿ ಉಬ್ಬಿದ್ದರೆ ಮುಚ್ಚಳ ತೆಗೆಯಲೇಬಾರದು. ಅದನ್ನು ನೆಟ್ಟಗೆ ನಿಲ್ಲಿಸಿ ಮುಂದಾಳುವನ್ನು ಕರೆಯಬೇಕು.

ಏನು ಎತ್ತಬಾರದು ಎಂಬುದನ್ನೂ ಹೇಳಿಕೊಡಬೇಕು. ಜೊಂಡು, ಒಣಗಿದ ಗಿಡಗೆಂಟೆ, ಕೊಂಬೆ, ಚಿಪ್ಪು ಇವು ಕಸವಲ್ಲ. ಎತ್ತಿದರೆ ಚೀಲ ಭಾರವಾಗುತ್ತದೆ, ದಂಡೆಯ ಮಣ್ಣಿಗೆ ಇದ್ದ ಹೊದಿಕೆ ಹೋಗುತ್ತದೆ. ಅಲೆ ತಂದು ಬಿಟ್ಟ ಕಸದ ಗೆರೆಯಲ್ಲಿ ಪ್ಲಾಸ್ಟಿಕ್ಕೂ ಕಡ್ಡಿಯೂ ಹೆಣೆದುಕೊಂಡಿದ್ದರೆ ಉದುರಿಸಿ ಪ್ಲಾಸ್ಟಿಕ್ ಮಾತ್ರ ತೆಗೆಯಿರಿ. ಟಿಟ್ಟಿಭದಂಥ ಹಕ್ಕಿಗಳು ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ, ಮೊಟ್ಟೆ ಕಲ್ಲಿನ ಬಣ್ಣದ್ದೇ ಇರುತ್ತದೆ. ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಆ ಜಾಗ ಬಿಟ್ಟು ಮುಂದೆ ಹೋಗಿ. ಮಣ್ಣಿನಲ್ಲಿ ಹೂತ ಕವರನ್ನು ಮೆಲ್ಲಗೆ ಎಳೆದಾಗ ಬಂದರೆ ಸರಿ, ಬಾರದಿದ್ದರೆ ಹೊರಗೆ ಕಾಣುವಷ್ಟನ್ನು ಕತ್ತರಿಸಿ. ಅಗೆದರೆ ದಂಡೆ ಸಡಿಲವಾಗಿ ಮುಂದಿನ ಮಳೆಗೆ ಕುಸಿಯುತ್ತದೆ, ಒಂದು ಕವರಿಗೆ ಹತ್ತು ನಿಮಿಷವೂ ಹೋಗುತ್ತದೆ. ಮೀನಿನ ಗಾಳದ ದಾರ ಸಿಕ್ಕರೆ ಕೈಗೆ ಸುತ್ತಿಕೊಳ್ಳದೆ ತುಂಡು ಮಾಡಿ ಡಬ್ಬಕ್ಕೆ ಹಾಕಿ. ತುದಿಯಲ್ಲಿ ಗಾಳ ಇದ್ದೇ ಇರುತ್ತದೆ ಎಂದುಕೊಂಡೇ ಮುಟ್ಟಿ.

ನೀರಿಗೆ ಇಳಿಯುವುದು ಬೇಡ. ಕೈಗೆ ಎಟುಕದ ಬಾಟಲಿ ಅಲ್ಲೇ ಇರಲಿ, ಗಾಳಿ ಅದನ್ನು ಇನ್ನೊಂದು ದಿನ ತಂದುಕೊಡುತ್ತದೆ. ಕೆರೆ ತಳದ ಹೂಳು ಮೇಲಿನಿಂದ ಗಟ್ಟಿಯಾಗಿ ಕಂಡು ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಇದ್ದರೆ ಅದು ವಿಷ ಬಿಡುವ ಪಾಚಿಯಾಗಿರಬಹುದು, ಆ ಭಾಗವನ್ನೇ ಕೈಬಿಡಿ. ರಬ್ಬರ್ ಲೇಪನದ ದಪ್ಪ ಕೈಗವಸು, ಗಟ್ಟಿ ಅಟ್ಟೆಯ ಮುಚ್ಚಿದ ಬೂಟು ಇಲ್ಲದವರಿಗೆ ಬೇರೆ ಕೆಲಸ ಕೊಡಿ. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಇಲಿಜ್ವರ ಗಾಯದ ಮೂಲಕ ಒಳಹೋಗುತ್ತದೆ, ಆದ್ದರಿಂದ ಕೈಕಾಲಲ್ಲಿ ಗಾಯ ಇರುವವರು ನೀರು ಹೋಗದ ಪಟ್ಟಿ ಹಾಕಿಕೊಂಡೇ ಬರಬೇಕು. ಆಮೇಲಿನ ಒಂದು ತಿಂಗಳೊಳಗೆ ಜ್ವರ ಬಂದರೆ ಕೆರೆ ದಂಡೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಲು ಎಲ್ಲರಿಗೂ ಹೇಳಿರಿ.

ಸಿರಿಂಜು ಸೂಜಿಯನ್ನು ಮುಂದಾಳು ಒಬ್ಬರೇ ಇಕ್ಕಳದಿಂದ ಎತ್ತಬೇಕು. ಸೂಜಿಗೆ ಮುಚ್ಚಳ ತೊಡಿಸಲು ಹೋಗಬಾರದು. ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬವನ್ನು ನೆಲದ ಮೇಲಿಟ್ಟು ಅದಕ್ಕೆ ಬಿಡಬೇಕು. ಡಬ್ಬ ಇನ್ನೊಂದು ಕೈಯಲ್ಲಿದ್ದಾಗಲೇ ಚುಚ್ಚಿಕೊಳ್ಳುವುದು ಹೆಚ್ಚು. ಚುಚ್ಚಿದರೆ ಹಿಂಡದೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಗಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ‘ಕಾರ್ಯಕ್ರಮ ಮುಗಿದ ಮೇಲೆ ನೋಡೋಣ’ ಎನ್ನುವ ಮಾತೇ ಇಲ್ಲ.

ವಿಂಗಡಣೆಯ ಜಾಗ

ನೀರಿನಿಂದ ಕನಿಷ್ಠ 20 ಮೀಟರ್ ದೂರ, ಗಟ್ಟಿ ಸಮ ನೆಲ, ಗಾಳಿಗೆ ಮರೆ, ವಾಹನ ಹತ್ತಿರ ಬರುವ ದಾರಿ, ಇವಿಷ್ಟು ಇರಲಿ. ನೆಲಕ್ಕೆ ಟಾರ್ಪಾಲು ಹಾಸಿ, ಅದರ ಮೇಲೆ ಸೊಂಟದ ಎತ್ತರಕ್ಕೆ ಜಾಲರಿ ಮೇಜು ನಿಲ್ಲಿಸಿ. ಮರದ ಚೌಕಟ್ಟಿಗೆ ಎರಡು ಸೆಂಟಿಮೀಟರ್ ಕಣ್ಣಿನ ತಂತಿ ಜಾಲರಿ ಹೊಡೆದು ನಾಲ್ಕು ಕಾಲಿನ ಮೇಲೆ ಇಟ್ಟರಾಯಿತು. ನಾಲ್ವರು ಸುತ್ತ ನಿಲ್ಲುವಷ್ಟು ದೊಡ್ಡದಾದರೆ ಎರಡು ಮೇಜು ಬೇಕು. ಈ ಒಂದು ಸಾಮಾನಿಗೆ ತುಸು ಶ್ರಮ ಹಾಕಿ ಎಂದೇ ನಮ್ಮ ಸಲಹೆ. ನೆಲದ ಮೇಲೆ ರಾಶಿ ಸುರಿದು ಬಗ್ಗಿ ವಿಂಗಡಿಸುವವರು ಅರ್ಧ ಗಂಟೆಗೆ ಸುಸ್ತಾಗುತ್ತಾರೆ, ಕಾಲಡಿಯ ಗಾಜು ಕಾಣುವುದಿಲ್ಲ, ಕೆಸರು ಮಾಲಿಗೆ ಅಂಟಿಯೇ ಉಳಿಯುತ್ತದೆ. ಜಾಲರಿಯ ಮೇಲಾದರೆ ಅಲ್ಲಾಡಿಸಿದ ಹಾಗೆ ಕೆಸರು ಕೆಳಗಿಳಿಯುತ್ತದೆ.

ಬುಟ್ಟಿಗಳಿಗೆ ಹೆಸರು ಬರೆದು ಅಂಟಿಸುವುದಕ್ಕಿಂತ, ಆಯಾ ಬುಟ್ಟಿಗೆ ಸೇರಬೇಕಾದ ಒಂದು ವಸ್ತುವನ್ನೇ ದಾರ ಕಟ್ಟಿ ಅಂಚಿಗೆ ನೇತುಹಾಕಿ. ‘ಬಹುಪದರ ಪ್ಲಾಸ್ಟಿಕ್’ ಎಂಬ ಚೀಟಿ ಓದಿ ಯಾರಿಗೂ ಗೊತ್ತಾಗುವುದಿಲ್ಲ, ಒಳಗೆ ಬೆಳ್ಳಿ ಮಿನುಗುವ ಚಿಪ್ಸ್ ಪೊಟ್ಟಣ ನೇತಾಡುತ್ತಿದ್ದರೆ ಕೇಳುವುದೇ ಬೇಡ.

ತಂದ ಚೀಲವನ್ನು ತೂಗಿ, ತಂಡದ ಸಂಖ್ಯೆಯ ಜೊತೆ ಬರೆದುಕೊಂಡು, ಒಮ್ಮೆಗೆ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಪೂರ್ತಿ ಸುರಿದರೆ ಗುಡ್ಡೆಯಾಗುತ್ತದೆ, ಗುಡ್ಡೆಯೊಳಗೆ ಕೈ ಹಾಕಬೇಕಾಗುತ್ತದೆ. ಇಕ್ಕಳದಿಂದ ಹರಡಿ, ಮೊದಲು ಅಪಾಯದವನ್ನು ತೆಗೆಯಿರಿ: ಗಾಜಿನ ಚೂರು, ಸೂಜಿ, ಬ್ಯಾಟರಿ, ಔಷಧಿ, ಕ್ರಿಮಿನಾಶಕದ ಡಬ್ಬ, ಟ್ಯೂಬ್‌ಲೈಟು. ಆಮೇಲೆ ಮಾರಾಟಕ್ಕೆ ಹೋಗುವವನ್ನು ಮಾತ್ರ ಹೆಕ್ಕಿ. ಮಿಕ್ಕಿದ್ದು ತಾನಾಗಿ ಉಳಿಕೆ, ಅದನ್ನು ಹಾಗೇ ಮೇಜಿನಿಂದ ಚೀಲಕ್ಕೆ ತಳ್ಳಿದರಾಯಿತು. ಪ್ರತಿಯೊಂದು ತುಂಡನ್ನೂ ಎತ್ತಿ ‘ಇದು ಯಾವುದು’ ಎಂದು ಯೋಚಿಸತೊಡಗಿದರೆ ಗಂಟೆಗೆ 15 ಕಿಲೋ ಎಂದಿದ್ದ ವೇಗ ಅರ್ಧಕ್ಕೆ ಇಳಿಯುತ್ತದೆ.

ಅನುಮಾನ ಬಂದರೆ ಮೂರು ಪರೀಕ್ಷೆ ಸಾಕು. ಪೊಟ್ಟಣವನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಬಿಡಿ. ಬೆಳ್ಳಿ ಬಣ್ಣದ್ದಾದರೂ ಬಿಚ್ಚಿಕೊಂಡರೆ ಅದು ಪ್ಲಾಸ್ಟಿಕ್ ಪದರ, ಉಳಿಕೆಗೆ ಹೋಗಲಿ. ಮುದ್ದೆಯಾಗಿಯೇ ಉಳಿದರೆ ಅಲ್ಯೂಮಿನಿಯಂ ಹಾಳೆ. ಡಬ್ಬಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣದ್ದು, ಅಂಟದ ತೆಳು ಡಬ್ಬ ಅಲ್ಯೂಮಿನಿಯಂ, ಅದಕ್ಕೆ ಬೆಲೆ ಹೆಚ್ಚು. ಗುರುತು ಅಳಿಸಿದ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಚೂರನ್ನು ಬಕೆಟ್ ನೀರಿಗೆ ಒತ್ತಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಸುಮಾರು 1.38 ಪಟ್ಟು ಭಾರ, ಮುಳುಗುತ್ತದೆ. ಚೂರಿಗೆ ಗಾಳಿಗುಳ್ಳೆ ಅಂಟಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ, ಬೆರಳಿಂದ ಒರೆಸಿ ಮತ್ತೆ ಬಿಡಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬಿಸಿಲು ತಿಂದ ಪ್ಲಾಸ್ಟಿಕ್ ಯಾವ ಬಗೆಯದಾದರೂ ಉಳಿಕೆಗೇ ಸೇರಬೇಕು, ಒಳ್ಳೆ ಮಾಲಿನ ಜೊತೆ ಹೋದರೆ ಆ ಚೀಲವನ್ನೂ ಕೆಡಿಸುತ್ತದೆ.

ತೊಳೆಯಬೇಕೇ? ಬೇಡ. ಕೆರೆಯಲ್ಲಂತೂ ಸುತರಾಂ ಬೇಡ. ಬಾಟಲಿ, ಡಬ್ಬಗಳನ್ನು ಬಿಸಿಲಿಗೆ ಹರಡಿ ಒಣಗಿಸಿ ಬಡಿದರೆ ಒಣ ಕೆಸರು ಚಕ್ಕೆಯಾಗಿ ಉದುರುತ್ತದೆ. ಜಾಲರಿ ಕೆಳಗೆ ಬಿದ್ದ ಮಣ್ಣನ್ನೂ ಹಾಗೇ ಸುರಿಯಬೇಡಿ, ಅದರಲ್ಲಿ ಗಾಜಿನ ಪುಡಿ, ಥರ್ಮಾಕೋಲ್ ಕಾಳು ಇರುತ್ತದೆ. ಒಣಗಿದ ಮೇಲೆ ಐದು ಮಿಲಿಮೀಟರ್ ಕಣ್ಣಿನ ಜರಡಿ ಹಿಡಿದು ಮೇಲೆ ಉಳಿದದ್ದನ್ನು ಉಳಿಕೆಗೆ ಹಾಕಿ. ಇಳಿದ ಮಣ್ಣಿನಲ್ಲಿ ಗಾಜು ಮಿನುಗದಿದ್ದರೆ ದಂಡೆಯ ಮೇಲ್ಭಾಗದ ಒಣ ಜಾಗಕ್ಕೆ ಹಾಕಬಹುದು. ಮಿನುಗಿದರೆ ಅದೂ ಉಳಿಕೆಯೇ.

ಥರ್ಮಾಕೋಲ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ದೊಡ್ಡ ತುಂಡುಗಳನ್ನು ಮುರಿಯದೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಮೇಜಿನ ಮೇಲೆ ಸುರಿಯಲೇಬೇಡಿ. ದಂಡೆಯ ಮೇಲೆ ಈಗಾಗಲೇ ಕಾಳುಕಾಳಾಗಿದ್ದರೆ ಇಕ್ಕಳ ಕೆಲಸಕ್ಕೆ ಬಾರದು. ಕಾಳು ಸೇರಿದ ಮೇಲ್ಪದರದ ಮರಳನ್ನು ಒಂದು ಬೆರಳು ದಪ್ಪಕ್ಕೆ ಕೆರೆದು ಬಕೆಟ್ ನೀರಿಗೆ ಹಾಕಿ ಕಲಕಿ. ಮರಳು ತಳ ಸೇರುತ್ತದೆ, ಬಿಳಿ ಕಾಳುಗಳು ಕಡ್ಡಿಕಸದ ಜೊತೆ ಮೇಲೆ ತೇಲುತ್ತವೆ. ಚಹಾ ಸೋಸುವ ಜಾಲರಿಯಿಂದ ಗೋರಿ ತೆಗೆದು, ಮರಳನ್ನು ಮತ್ತೆ ಅಲ್ಲೇ ಹರಡಿ. ಇದು ನಿಧಾನದ ಕೆಲಸ, ಒಂದೆರಡು ಚದರ ಮೀಟರ್ ದಟ್ಟ ಜಾಗಕ್ಕೆ ಮಾತ್ರ ಸರಿ. ಬಾಗಿ ಓಡಾಡಲಾಗದ ಹಿರಿಯರು ಸ್ಟೂಲ್ ಹಾಕಿಕೊಂಡು ಕೂತು ಮಾಡಬಹುದು.

ಬ್ಯಾಟರಿಯನ್ನು ಎಂದೂ ಉಳಿಕೆ ಚೀಲಕ್ಕೆ ಬಿಡಬೇಡಿ. ಮೊಬೈಲಿನಂಥ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಒತ್ತಡಕ್ಕೆ ಸಿಕ್ಕಿ ಬೆಂಕಿ ಹತ್ತಿಕೊಳ್ಳುತ್ತದೆ. ಒಣ ಮರಳು ತುಂಬಿದ ಡಬ್ಬದಲ್ಲಿ ಬಿಡಿಬಿಡಿಯಾಗಿ ಇಡಿ. ಉಬ್ಬಿದ್ದನ್ನು ನೆರಳಲ್ಲಿ, ಜನರಿಂದ ದೂರ ಇರಿಸಿ.

ನಮ್ಮ 315 ಕಿಲೋ ಉದಾಹರಣೆ ಹೀಗೆ ಒಡೆಯಬಹುದು: ಗಾಜು 70, ಬಾಟಲಿ ಮತ್ತು ಗಟ್ಟಿ ಪ್ಲಾಸ್ಟಿಕ್ 45, ಲೋಹ 8, ಥರ್ಮಾಕೋಲ್ 4, ಅಪಾಯದ ವಸ್ತು 3, ಬಟ್ಟೆ ಚಪ್ಪಲಿ 30, ಕೊಳಕು ಕವರು ಮತ್ತು ಪೊಟ್ಟಣ 95, ಉದುರಿದ ಮಣ್ಣು ಮತ್ತು ನೀರು 60. ಅಂದರೆ ಗುಜರಿಗೆ ಹೋಗುವುದು 123 ಕಿಲೋ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಗಾಜು. ಇಷ್ಟೇನಾ ಅನ್ನಿಸಬಹುದು, ದಂಡೆ ಕಸದಲ್ಲಿ ಇಷ್ಟೇ. ಎಲ್ಲವೂ ಮರುಬಳಕೆಗೆ ಹೋಯಿತು ಎಂದು ಹೇಳಿಕೊಳ್ಳುವ ಗುಂಪುಗಳು ಉಳಿಕೆಯನ್ನು ತೂಗಿರುವುದಿಲ್ಲ. ವಾಹನ ಗೊತ್ತು ಮಾಡುವಾಗ ತೂಕಕ್ಕಿಂತ ಗಾತ್ರ ನೋಡಿ, ನಾಲ್ಕೇ ಕಿಲೋ ಥರ್ಮಾಕೋಲ್ ಐದಾರು ದೊಡ್ಡ ಚೀಲ ತುಂಬುತ್ತದೆ.

ಹೆಚ್ಚು ಚೀಲ ತುಂಬಿದ ತಂಡಕ್ಕೆ ಬಹುಮಾನ ಎಂದು ಘೋಷಿಸಬೇಡಿ. ಘೋಷಿಸಿದ ಕ್ಷಣದಿಂದ ಚೀಲದೊಳಕ್ಕೆ ಜೊಂಡು, ಕಲ್ಲು, ನೀರು ತುಂಬಿದ ಬಾಟಲಿ ಬರತೊಡಗುತ್ತವೆ, ಗಾಜು ಬಕೆಟ್ ಬಿಟ್ಟು ಚೀಲ ಸೇರುತ್ತದೆ. ಸ್ಪರ್ಧೆ ಬೇಕೇ ಬೇಕೆಂದರೆ ಯಾವ ತಂಡದ ಚೀಲ ಮೇಜಿನ ಮೇಲೆ ಬೇಗ ವಿಂಗಡಣೆ ಆಯಿತು ಎಂಬುದನ್ನು ಅಳೆಯಿರಿ.

ಏಳು ಗಂಟೆಗೆ ಹೆಕ್ಕಲು ಶುರು ಮಾಡಿದರೆ, ಮೊದಲ ಚೀಲ ಬರುವ ಏಳೂ ಇಪ್ಪತ್ತಕ್ಕೆ ಮೇಜು ಶುರುವಾಗಬೇಕು. ಎಂಟೂವರೆಗೆ ಹೆಕ್ಕುವುದು ನಿಲ್ಲಲಿ, ಎದುರಿಗೆ ಎಷ್ಟೇ ಕಸ ಕಾಣುತ್ತಿರಲಿ. ವಾಹನಕ್ಕೆ ಹತ್ತು ಗಂಟೆ ಹೇಳಿಡಿ. ಎಂಟು ಗಂಟೆಗೇ ಮೇಜಿನ ಬಳಿ ಹತ್ತಕ್ಕಿಂತ ಹೆಚ್ಚು ಚೀಲ ಕಾಯುತ್ತಿದ್ದರೆ ಒಂದು ತಂಡವನ್ನು ದಂಡೆಯಿಂದ ಕರೆದು ಮೇಜಿಗೆ ಹಾಕಿ, ಎಂಟೂವರೆವರೆಗೆ ಕಾಯಬೇಡಿ.

ಇನ್ನು ನಾಯಿಗಳ ವಿಷಯ. ನಾಯಿ ಚೀಲ ಹರಿಯುವುದು ವಾಸನೆಗೆ: ಊಟದ ಉಳಿಕೆ ಅಂಟಿದ ಕವರು, ಡೈಪರ್, ಪ್ಯಾಡು. ಇವನ್ನು ಬಟ್ಟೆ, ಚಪ್ಪಲಿ, ಒಣ ಪೊಟ್ಟಣಗಳ ಜೊತೆ ಬೆರೆಸದೆ ಬೇರೆ ಚೀಲ ಮಾಡಿ, ಬಾಯಿ ಎರಡು ಸಲ ಕಟ್ಟಿ, ವಾಹನಕ್ಕೆ ಕೊನೆಯಲ್ಲಿ ಹೇರಿ. ಹೇಳಿದ ವಾಹನ ಬಾರದೆ ಹೋದರೆ ಈ ನಾಲ್ಕೈದು ಚೀಲವನ್ನು ಯಾರದಾದರೂ ಗಾಡಿಯಲ್ಲಿ ಅಂದೇ ಕಸ ಸಂಗ್ರಹದ ಜಾಗಕ್ಕೆ ಮುಟ್ಟಿಸಲೇಬೇಕು, ಸೂಜಿ ಮತ್ತು ಬ್ಯಾಟರಿಯ ಡಬ್ಬಗಳನ್ನು ಬೀಗ ಹಾಕುವ ಕೋಣೆಯಲ್ಲಿ ಇಡಬೇಕು. ಒಣಗಿದ ಬಾಟಲಿ, ಲೋಹ, ಗಾಜು, ವಾಸನೆಯಿಲ್ಲದ ಉಳಿಕೆ ಚೀಲಗಳು ಟಾರ್ಪಾಲು ಹೊದಿಸಿ ಹಗ್ಗ ಬಿಗಿದರೆ ಎರಡು ದಿನ ಕಾಯಬಲ್ಲವು. ರಾಶಿಯ ಮೇಲೆ ಇವು ಯಾರವು, ಎಂದು ಹೋಗುತ್ತವೆ ಎಂದು ಫೋನ್ ಸಂಖ್ಯೆ ಸಮೇತ ಬರೆದ ಒಂದು ಹಲಗೆ ಕಟ್ಟಿ. ಇಲ್ಲದಿದ್ದರೆ ಬೆಳಗಾಗುವುದರೊಳಗೆ ದಾರಿಹೋಕರು ತಮ್ಮ ಕಸವನ್ನೂ ಅಲ್ಲಿಗೇ ತಂದು ಸೇರಿಸುತ್ತಾರೆ.